ಊರಿನ ಫೋಟೋಗ್ರಾಫರ್ ಹತ್ರ ಫೋಟೋ ಕೇಳೋ ಪತ್ರ: ತಾತನ ನೆನಪಿನ ವಿಡಿಯೋಗೆ ನಾವು ಬರೆದದ್ದು

ನಮ್ಮ ತಾತ ತಿಪಟೂರಿನ ಕೊಬ್ಬರಿ ಮಂಡೀಲಿ ರೈಟರಾಗಿದ್ರು. ಅವರು ತೀರಿಕೊಂಡ ಹನ್ನೊಂದನೇ ದಿನಕ್ಕೆ ಅಂತ ನಾನು ಒಂದು ವಿಡಿಯೋ ಮಾಡ್ದೆ, ಎರಡು ರಾತ್ರೀಲಿ, ಮೊಬೈಲಲ್ಲೇ. ಅದರಲ್ಲಿ ಒಂದು ಫೋಟೋ ಊರಿನ ಸ್ಟುಡಿಯೋ ಅಣ್ಣ ತೆಗೆದಿದ್ದು. ತಾತ ಮಂಡಿ ಜಗಲಿ ಮೇಲೆ ಕೂತು ಕಿವಿಗೆ ಪೆನ್ನು ಸಿಕ್ಕಿಸ್ಕೊಂಡು ಯಾರಿಗೋ ನಗ್ತಿರೋದು, ಪಕ್ಕದಲ್ಲಿ ಕೊಬ್ಬರಿ ಚೀಲದ ರಾಶಿ. ನಾನು ವಾಟ್ಸಾಪಲ್ಲಿ "ಅಣ್ಣ ನಿಮ್ಮ ಫೋಟೋಸ್ ಯೂಸ್ ಮಾಡ್ಕೋಬೋದಾ" ಅಂತ ಕೇಳಿದ್ದೆ, ಅವರು ಒಂದು ಹೆಬ್ಬೆಟ್ಟು ಒತ್ತಿದ್ರು, ಅಷ್ಟೇ. ಆಮೇಲೆ ನಮ್ಮ ಅತ್ತೆ ಮಗ ಅದನ್ನ ಯೂಟ್ಯೂಬಿಗೆ ಎಲ್ಲರಿಗೂ ಕಾಣೋ ಹಾಗೆ ಹಾಕ್ದ, ನಾನು ವಿಡಿಯೋ ಫ್ರೇಮಿಗೆ ಕೂರ್ಸೋಕೆ ಫೋಟೋ ಕಟ್ ಮಾಡಿದಾಗ ಮೂಲೇಲಿದ್ದ ಅವರ ಸ್ಟುಡಿಯೋ ಹೆಸರೂ ಹೋಗಿತ್ತು. ವಾರ ಕಳೆದ ಮೇಲೆ ಅಣ್ಣ ಫೋನ್ ಮಾಡಿದ್ರು. ಬೈಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. "ನಾನು ಹೂಂ ಅಂದಿದ್ದು ಮನೇಲಿ ತೋರ್ಸೋಕೆ ಕಣಪ್ಪಾ" ಅಂದ್ರು.

ಅದನ್ನ ಯೂಟ್ಯೂಬಿಂದ ತೆಗೆಸಿದ್ವಿ. ವರ್ಷದ ಪುಣ್ಯಸ್ಮರಣೆಗೆ ಸರಿಯಾಗಿ ಇನ್ನೊಂದು ವಿಡಿಯೋ ಮಾಡೋಣ ಅಂದಾಗ ಈ ಸಲ ಪೇಪರ್ ಮೇಲೆ ಬರೆದು ಕೇಳಿದ್ವಿ. ಆ ಪತ್ರ ಬರೆಯೋಕೆ ಮುಂಚೆ ಏನೇನು ನೋಡ್ಕೋಬೇಕಾಯ್ತು, ಪತ್ರದಲ್ಲಿ ಏನಿತ್ತು, ಯಾವ ಸಾಲು ಯಾಕಿತ್ತು ಅನ್ನೋದನ್ನ ಕ್ರಮವಾಗಿ ಹೇಳ್ತೀನಿ. ಪತ್ರನೂ ಪೂರ್ತಿ ಕೆಳಗಿದೆ, ಹೆಸರು ಬದಲಾಯಿಸ್ಕೊಂಡು ಬಳಸ್ಕೋಬಹುದು.

ಮೊದಲು: ಯಾವ ಫೋಟೋಗೆ ಯಾರು ದುಡ್ಡು ಕೊಟ್ಟಿದ್ರು?

ಇದನ್ನ ನೋಡದೆ ಪತ್ರ ಶುರು ಮಾಡ್ಬೇಡಿ, ಯಾಕಂದ್ರೆ ಕೇಳೋ ಧಾಟಿಯೇ ಇದರಿಂದ ಬದಲಾಗುತ್ತೆ. ನಮಗೆ ಒಂದೇ ಸ್ಟುಡಿಯೋದ ಮೂರು ಫೋಟೋ ಬೇಕಿತ್ತು. ಒಂದು 1966ರಲ್ಲಿ ತಾತ-ಅಜ್ಜಿ ಮದುವೆಯಾದ ಹೊಸದರಲ್ಲಿ ಸ್ಟುಡಿಯೋಗೆ ಹೋಗಿ ತೆಗೆಸ್ಕೊಂಡಿದ್ದು, ತೆಗೆದಿದ್ದು ಈಗಿನ ಅಣ್ಣನ ತಂದೆ. ಎರಡನೇದು 2016ರಲ್ಲಿ ಅವರ ಮದುವೆಗೆ ಐವತ್ತು ವರ್ಷ ಆದಾಗ ನಾವು ಆರ್ಡರ್ ಕೊಟ್ಟು ತೆಗೆಸಿದ ಆಲ್ಬಮ್ಮಿಂದು. ಮೂರನೇದು ಆ ಮಂಡಿ ಫೋಟೋ, 2018ರದ್ದು, ಅಣ್ಣ ಯಾರೂ ಹೇಳದೆ ತಮ್ಮ ಖುಷಿಗೆ ತೆಗೆದಿದ್ದು.

ಕಾಪಿರೈಟ್ ಕಾಯ್ದೆ 1957ರ ಪ್ರಕಾರ ಫೋಟೋದ ಕರ್ತೃ ಅಂದ್ರೆ ಅದನ್ನ ತೆಗೆದವರು, ಹಕ್ಕೂ ಮಾಮೂಲಾಗಿ ಅವರದೇ. ಆದ್ರೆ 17ನೇ ಸೆಕ್ಷನ್ನಲ್ಲಿ ಒಂದು ವಿನಾಯಿತಿ ಇದೆ: ಯಾರಾದ್ರೂ ಹಣ ಕೊಟ್ಟು ತಮಗೋಸ್ಕರ ಫೋಟೋ ತೆಗೆಸಿದ್ರೆ, ಬೇರೆ ಥರ ಒಪ್ಪಂದ ಇಲ್ಲದೇ ಇದ್ರೆ, ಹಕ್ಕಿನ ಮೊದಲ ಒಡೆಯರು ತೆಗೆಸಿದವರು. ಹಾಗಾಗಿ 2016ರ ಆಲ್ಬಮ್ಮಿನ ಫೋಟೋಗಳ ಹಕ್ಕು ದುಡ್ಡು ಕೊಟ್ಟ ನಮ್ಮಪ್ಪಂದು, ಸ್ಟುಡಿಯೋದ್ದಲ್ಲ, ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ "ಹಕ್ಕು ಸ್ಟುಡಿಯೋಗೆ ಸೇರಿದ್ದು" ಅಂತ ಷರತ್ತೇನಾದ್ರೂ ಇದ್ರೆ ಮಾತ್ರ ಲೆಕ್ಕ ಬೇರೆ, ಅದಕ್ಕೇ ಹಳೇ ಬಿಲ್ ಹುಡುಕಿ ನೋಡಿ. 1966ರದ್ದೂ ಹಾಗೇ, ಮುತ್ತಾತ ದುಡ್ಡು ಕೊಟ್ಟು ತೆಗೆಸಿದ್ದು. ಆದ್ರೆ ಮಂಡಿ ಫೋಟೋಗೆ ನಾವು ನಯಾಪೈಸೆ ಕೊಟ್ಟಿಲ್ಲ. ಫ್ರೇಮಲ್ಲಿರೋದು ನಮ್ಮ ತಾತನೇ ಆದ್ರೂ ಹಕ್ಕು ಪೂರಾ ಅಣ್ಣಂದು. ನಮ್ಮ ಮನೇಲಿ ಇದನ್ನ ಒಪ್ಪಿಸೋಕೇ ಅರ್ಧ ದಿನ ಹಿಡೀತು, "ನಮ್ಮಪ್ಪನ ಮುಖಕ್ಕೆ ಅವನ ಪರ್ಮಿಶನ್ ಯಾಕೆ" ಅಂತ ಚಿಕ್ಕಪ್ಪಂದು ಒಂದೇ ರಾಗ.

ಹಾಗಾದ್ರೆ ಮೊದಲೆರಡು ಫೋಟೋಗೆ ಪತ್ರ ಯಾಕೆ? ಹಕ್ಕು ನಮ್ಮದಾದ್ರೂ ಮಾಲು ಅವರ ಹತ್ರ ಇದೆ. 1966ರ ಪ್ರಿಂಟು ಮನೇಲಿ ಗಾಜಿನ ಕಟ್ಟು ಹಾಕ್ಸಿ ಗೋಡೆಗೆ ಹಾಕಿದ್ದು, ತೇವಕ್ಕೆ ಗಾಜಿಗೇ ಅಂಟ್ಕೊಂಡಿದೆ, ಕಿತ್ರೆ ಅಜ್ಜಿ ಮುಖದ ಪದರನೇ ಗಾಜಿನ ಜೊತೆ ಬರುತ್ತೆ. ಅದರ ನೆಗೆಟಿವ್ ಸ್ಟುಡಿಯೋದಲ್ಲಿ ಇದ್ದರೆ ಇರ್ಬೇಕು. ಆಲ್ಬಮ್ಮಿನ ಬಿಡಿ ಫೈಲುಗಳೂ ಅವರ ಹಾರ್ಡ್ ಡಿಸ್ಕಲ್ಲಿ. ಅಂದ್ರೆ ಎರಡು ಫೋಟೋಗೆ ಸಹಾಯ ಕೇಳ್ಬೇಕು, ಒಂದಕ್ಕೆ ಅನುಮತಿ ಕೇಳ್ಬೇಕು. ಪತ್ರದಲ್ಲಿ ಇವೆರಡನ್ನ ಕಲಸಬಾರದು. ಹಾಗಂತ "ಕಾಯ್ದೆ ಪ್ರಕಾರ ಇದು ನಮ್ಮದು" ಅಂತ ಬರೀಲೂ ಬಾರದು, ಅದು ನಿಮ್ಮ ತಲೇಲಿದ್ರೆ ಸಾಕು.

ತೆಗೆದವರು ತೀರಿಕೊಂಡಿದ್ರೆ ಅವರ ಹಕ್ಕು ವಾರಸುದಾರರಿಗೆ ಹೋಗುತ್ತೆ, ಹೆಂಡತಿ ಮಕ್ಕಳನ್ನ ಕೇಳ್ಬೇಕು. ಅಂಗಡಿ ಕೊಂಡ್ಕೊಂಡ ಹೊಸ ಓನರ್ ಹೂಂ ಅಂದ್ರೆ ಸಾಲಲ್ಲ, ಅವರು ಕ್ಯಾಮೆರಾ ಬೋರ್ಡು ಕೊಂಡಿರ್ತಾರೆ, ಹಕ್ಕು ಕೊಂಡಿರ್ತಾರೆ ಅಂತ ಏನಿಲ್ಲ. ನಾನು ಇಷ್ಟು ಹೇಳಿದ್ದು ಭಾರತದ ಕಾಯ್ದೆ, ಬೇರೆ ದೇಶದಲ್ಲಿ ತೆಗೆಸಿದ ಫೋಟೋ ಆದ್ರೆ ಅಲ್ಲಿನ ನಿಯಮ ನೋಡ್ಬೇಕು.

ಎರಡನೇದು: ಫೋಟೋನ ಗುರುತಿಸೋ ಹಾಗೆ ಹೇಳೋದು

"ನಮ್ಮ ತಾತನ ಫೋಟೋ" ಅಂದ್ರೆ ವರ್ಷಕ್ಕೆ ಐವತ್ತು ಮದುವೆ ಮಾಡೋ ಮನುಷ್ಯನಿಗೆ ಏನು ಗೊತ್ತಾಗ್ಬೇಕು. ಹಳೇ ಪ್ರಿಂಟ್ ಆದ್ರೆ ಹಿಂಭಾಗ ನೋಡಿ, ಎಷ್ಟೋ ಸ್ಟುಡಿಯೋದವರು ಸೀಲ್ ಒತ್ತಿ ಪಕ್ಕದಲ್ಲಿ ನೆಗೆಟಿವ್ ನಂಬರ್ ಬರೀತಿದ್ರು. ನಮ್ಮದು ಗಾಜಿಗೆ ಅಂಟಿತ್ತಲ್ಲ, ಆದ್ರೆ ಹಿಂದಿನ ರಟ್ಟು ಬಿಚ್ಚಿದ್ರೆ ಫೋಟೋ ಬೆನ್ನು ಕಾಣುತ್ತೆ, ಅಲ್ಲಿ ನೀಲಿ ಇಂಕಲ್ಲಿ ನಂಬರ್ ಸಿಕ್ತು. ಡಿಜಿಟಲ್ ಆದ್ರೆ ಫೈಲ್ ಹೆಸರು ಕೊಡಿ, `DSC_0412.JPG` ಥರ. ಅದೂ ಇಲ್ದಿದ್ರೆ ಸಮಾರಂಭದ ತಾರೀಖು, ಛತ್ರದ ಹೆಸರು, ಆಲ್ಬಮ್ಮಿನ ಎಷ್ಟನೇ ಹಾಳೆ ಅಂತ ಬರೀರಿ. ಯಾವುದೇ ಆಗ್ಲಿ, ಪ್ರತಿ ಫೋಟೋದ ಒಂದು ಸಣ್ಣ ಪ್ರಿಂಟ್ ತೆಗೆದು ಪತ್ರದ ಹಿಂದೆ ಅಂಟಿಸಿ 1, 2, 3 ಅಂತ ನಂಬರ್ ಹಾಕಿ. ನಾವು ಮೂರನ್ನೂ ಒಂದೇ ಹಾಳೇಲಿ ಜೆರಾಕ್ಸ್ ಅಂಗಡೀಲಿ ತೆಗೆಸಿದ್ವಿ.

ಫೈಲ್ ಕೇಳೋದಾದ್ರೆ ಎಂಥ ಫೈಲ್ ಅಂತಾನೂ ಹೇಳಿ. ಫೇಸ್‌ಬುಕ್ಕಿಂದ ಇಳಿಸ್ಕೊಂಡ ಮಂಡಿ ಫೋಟೋ 960 ಪಿಕ್ಸೆಲ್ ಅಗಲ ಇತ್ತು, ನಮ್ಮ ವಿಡಿಯೋ 1920 ಅಗಲದ್ದು. ಮೊದಲ ವಿಡಿಯೋದಲ್ಲಿ ಅದನ್ನ ಎಳೆದು ದೊಡ್ಡದು ಮಾಡಿದ್ದಕ್ಕೆ ಟೀವಿ ಮೇಲೆ ತಾತನ ಮೀಸೆ ಮಸಿ ಬಳಿದ ಹಾಗೆ ಕಾಣ್ತಿತ್ತು. ಫೋಟೋ ಮೇಲೆ ನಿಧಾನಕ್ಕೆ ಮುಖದ ಹತ್ರ ಹೋಗೋ ಜೂಮ್ ಕೊಡ್ತೀರ ಅಂದ್ರೆ ಕನಿಷ್ಠ 3000 ಪಿಕ್ಸೆಲ್ ಅಗಲ ಇರೋದು ಬೇಕು. ಕರಿಜ್ಮಾ ಆಲ್ಬಮ್ ಆಗಿದ್ರೆ "ಡಿಸೈನ್ ಮಾಡಿದ ಹಾಳೆ ಬೇಡ, ಬಿಡಿ ಫೋಟೋ ಬೇಕು" ಅಂತ ಬಿಡಿಸಿ ಬರೀರಿ, ಇಲ್ದಿದ್ರೆ ಗುಲಾಬಿ ಹೂವು, ಇಂಗ್ಲಿಷ್ ಕವನ ಎಲ್ಲಾ ಸೇರಿರೋ ಹಾಳೇನೇ ಕಳಿಸ್ತಾರೆ. ವಾಟ್ಸಾಪಲ್ಲಿ ಕಳಿಸೋದಾದ್ರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸೋಕೆ ಕೇಳ್ಕೊಳ್ಳಿ, ಆಗ ಫೈಲ್ ಕುಗ್ಗಲ್ಲ.

ಮೂರನೇದು: ಎಲ್ಲಿ ತೋರಿಸ್ತೀರ, ಎಷ್ಟು ದಿನ

ನಾವು ಎಡವಿದ್ದೇ ಇಲ್ಲಿ. "ವಿಡಿಯೋಗೆ" ಅಂದ್ರೆ ಅಣ್ಣನ ತಲೇಲಿ ಬಂದಿದ್ದು ಮನೆ ಹಾಲಿನ ಟೀವಿ, ನಮ್ಮ ಹುಡುಗನ ತಲೇಲಿ ಬಂದಿದ್ದು ಯೂಟ್ಯೂಬ್. ಆದ್ದರಿಂದ ಜಾಗಗಳನ್ನ ಒಂದೊಂದಾಗಿ ಬರೀರಿ. ನಮ್ಮದು ಮೂರು: ಪುಣ್ಯಸ್ಮರಣೆ ದಿನ ಸಮುದಾಯ ಭವನದಲ್ಲಿ ಪ್ರೊಜೆಕ್ಟರ್ ಮೇಲೆ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ, ಮತ್ತೆ ಡಲ್ಲಾಸಲ್ಲಿರೋ ಅತ್ತೆ ನೋಡೋಕೆ ಯೂಟ್ಯೂಬಲ್ಲಿ `Unlisted` ಲಿಂಕಾಗಿ. ಈ `Unlisted` ಅಂದ್ರೆ ಹುಡುಕಿದ್ರೆ ಸಿಗಲ್ಲ, ಆದ್ರೆ ಲಿಂಕ್ ಯಾರ ಕೈಗೆ ಸಿಕ್ಕಿದ್ರೂ ನೋಡ್ಬಹುದು. ಅದನ್ನ "ಪ್ರೈವೇಟ್" ಅಂತ ಪತ್ರದಲ್ಲಿ ಬರೆದ್ರೆ ಸುಳ್ಳು ಹೇಳಿದಂಗಾಗುತ್ತೆ.

ಕಾಲಾವಧಿ ಮತ್ತೆ ದೇಶ ಬರೆಯೋದು ಅತಿ ಅನ್ಸುತ್ತೆ, ನನಗೂ ಅನ್ಸಿತ್ತು. ಆದ್ರೆ ಕಾಪಿರೈಟ್ ಕಾಯ್ದೆ 30ನೇ ಸೆಕ್ಷನ್ ಪ್ರಕಾರ ಇಂಥ ಅನುಮತಿ ಬರವಣಿಗೇಲಿ ಇರ್ಬೇಕು, ಮತ್ತೆ 19ನೇ ಸೆಕ್ಷನ್ನಿನ ನಿಯಮ ಇದಕ್ಕೂ ಅನ್ವಯ ಆಗುತ್ತೆ: ಎಷ್ಟು ಕಾಲ ಅಂತ ಬರೀದೇ ಇದ್ರೆ ಐದು ವರ್ಷ ಅಂತ ಲೆಕ್ಕ, ಯಾವ ಪ್ರದೇಶ ಅಂತ ಬರೀದೇ ಇದ್ರೆ ಭಾರತದೊಳಗೆ ಮಾತ್ರ ಅಂತ ಲೆಕ್ಕ. ನೋಡಿ, ಬಾಯಿ ಮುಚ್ಕೊಂಡಿದ್ರೆ ಡಲ್ಲಾಸ್ ಅತ್ತೆ ಲೆಕ್ಕದಿಂದ ಹೊರಗೆ! ಒಂದು ಸಾಲು ಸಾಕು, "ಕಾಲಮಿತಿ ಇಲ್ಲದೆ, ಯಾವ ದೇಶದಲ್ಲಿದ್ದರೂ ನೋಡುವಂತೆ" ಅಂತ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರ. "ಈ ವಿಡಿಯೋದಲ್ಲಿ ಜಾಹೀರಾತು ಬರಲ್ಲ" ಅಂತ ಮಾತು ಕೊಡ್ಬೇಡಿ. ಹಿನ್ನೆಲೇಲಿ ಸಿನಿಮಾ ಹಾಡು ಹಾಕಿದ್ರೆ ಯೂಟ್ಯೂಬ್ ಅದನ್ನ ಗುರುತಿಸುತ್ತೆ, ಆಡಿಯೋ ಕಂಪನಿಯವರು ಬೇಕಂದ್ರೆ ನಿಮ್ಮ ವಿಡಿಯೋ ಮೇಲೆ ಜಾಹೀರಾತು ಓಡಿಸಿ ದುಡ್ಡು ತಗೋತಾರೆ, ಅದು ನಿಮ್ಮ ಕೈಲಿಲ್ಲ. ಹಾಡಿನ ಹಕ್ಕಿನ ಕಥೆನೇ ಬೇರೆ ಬಿಡಿ. "ಇದರಿಂದ ನಾವು ಹಣ ಮಾಡೋದಿಲ್ಲ" ಅಂತ ಬರೀರಿ, ಅಷ್ಟನ್ನ ನೀವು ನಡೆಸ್ಕೊಡ್ಬಹುದು.

ನಾಲ್ಕನೇದು: ಫೋಟೋಗೆ ಏನು ಮಾಡ್ತೀರ

ಫೋಟೋ ಅಡ್ಡಡ್ಡ ಇದ್ಯೋ ಉದ್ದುದ್ದ ಇದ್ಯೋ, ಕಟ್ ಮಾಡ್ತೀರೋ, ಕಪ್ಪು-ಬಿಳುಪು ಮಾಡ್ತೀರೋ, ಮೇಲೆ ಅಕ್ಷರ ಬರುತ್ತೋ, ಹೇಳ್ಬಿಡಿ. ಕಾಯ್ದೇಲಿ 57ನೇ ಸೆಕ್ಷನ್ ಅಂತ ಒಂದಿದೆ, ಹಕ್ಕನ್ನ ಬೇರೆಯವರಿಗೆ ಕೊಟ್ಟ ಮೇಲೂ ಕೃತಿ ತನ್ನದು ಅಂತ ಹೇಳ್ಕೊಳ್ಳೋದು, ತನ್ನ ಮರ್ಯಾದೆಗೆ ಕುಂದು ಬರೋ ಹಾಗೆ ಅದನ್ನ ವಿರೂಪ ಮಾಡಿದ್ರೆ ಆಕ್ಷೇಪ ಮಾಡೋದು ಕರ್ತೃವಿಗೆ ಉಳಿಯುತ್ತೆ. ಅಂದ್ರೆ ನಾವು ದುಡ್ಡು ಕೊಟ್ಟು ತೆಗೆಸಿದ ಆಲ್ಬಮ್ ಫೋಟೋದಲ್ಲೂ ತೆಗೆದವರ ಹೆಸರಿಗೆ ಒಂದು ಜಾಗ ಇದೆ. ಮೂಲೇಲಿರೋ ಹೆಸರು ನಿಮ್ಮ ಫ್ರೇಮಿಗೆ ಅಡ್ಡ ಬಂದ್ರೆ ಹೆಸರಿಲ್ಲದ ಫೈಲನ್ನ ಕೇಳಿ, ಬದಲಿಗೆ ಫೋಟೋ ಬಂದಾಗ ಕೆಳಗೆ ಹೆಸರು ಹಾಕ್ತೀವಿ ಅನ್ನಿ. ಕೊನೇಲಿ ಸರಸರ ಓಡೋ ಧನ್ಯವಾದದ ಪಟ್ಟೀಲಿ ಮಾತ್ರ ಹಾಕೋದು ನನಗೆ ಸರಿ ಕಾಣಲ್ಲ, ಅಷ್ಟೊತ್ತಿಗೆ ಜನ ಊಟಕ್ಕೆ ಎದ್ದಿರ್ತಾರೆ.

ಐದನೇದು: ಬರೆಯೋದು

ಒಂದು ಪುಟ ದಾಟಬಾರದು. ಆಫೀಸ್ ಕನ್ನಡದ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಲ್ಲಾ ಬೇಡ, ತಾಲ್ಲೂಕು ಕಚೇರಿ ಅರ್ಜಿ ಥರ ಇರುತ್ತೆ. ನಾವು ಕೊಟ್ಟಿದ್ದು ಇದು, ಹೆಸರು ತೆಗೆದಿದೀನಿ.

> ದಿನಾಂಕ: ________
>
> ಶ್ರೀ ________ ಅವರಿಗೆ,
> ________ ಸ್ಟುಡಿಯೋ, ತಿಪಟೂರು
>
> ಅಣ್ಣ, ನಮಸ್ಕಾರ.
>
> ನಾನು ಕೊಬ್ಬರಿ ಮಂಡಿಯಲ್ಲಿ ರೈಟರಾಗಿದ್ದ ________ ಅವರ ಮೊಮ್ಮಗ. ಬರುವ ತಿಂಗಳು 14ಕ್ಕೆ ತಾತ ಹೋಗಿ ಒಂದು ವರ್ಷ ಆಗುತ್ತದೆ. ಅವತ್ತಿನ ಪುಣ್ಯಸ್ಮರಣೆಗೆ ಸುಮಾರು 9 ನಿಮಿಷದ ಒಂದು ವಿಡಿಯೋ ಮಾಡುತ್ತಿದ್ದೇವೆ. ಹೋದ ವರ್ಷ ನಿಮ್ಮ ಫೋಟೋವನ್ನು ಸರಿಯಾಗಿ ಕೇಳದೆ ಎಲ್ಲರಿಗೂ ಕಾಣುವಂತೆ ಹಾಕಿದ್ದು, ನಿಮ್ಮ ಹೆಸರು ಕತ್ತರಿಸಿದ್ದು ನಮ್ಮ ತಪ್ಪು. ಈ ಸಲ ಮೊದಲೇ ಕೇಳುತ್ತಿದ್ದೇವೆ.
>
> ಬೇಕಾಗಿರುವ ಫೋಟೋಗಳು (ಮೂರರ ಪ್ರತಿಯೂ ಜೊತೆಗಿದೆ):
>
> 1. ಮಂಡಿ ಜಗಲಿಯ ಮೇಲೆ ತಾತ ನಗುತ್ತಿರುವುದು, 2018. ಇದು ನೀವೇ ತೆಗೆದ ನಿಮ್ಮ ಫೋಟೋ. ಇದನ್ನು ವಿಡಿಯೋದಲ್ಲಿ ಬಳಸಲು ನಿಮ್ಮ ಅನುಮತಿ ಬೇಕು. ಒರಿಜಿನಲ್ ಫೈಲ್ ಕೊಟ್ಟರೆ ಉಪಕಾರ.
>
> 2. ತಾತ-ಅಜ್ಜಿಯ ಮದುವೆಯ ಐವತ್ತನೇ ವರ್ಷದ ಸಮಾರಂಭ, 2016, ಆಲ್ಬಮ್ಮಿನ 7ನೇ ಹಾಳೆಯ ಎಡಗಡೆ ಫೋಟೋ. ಡಿಸೈನ್ ಇಲ್ಲದ ಬಿಡಿ ಫೈಲ್ ನಿಮ್ಮಲ್ಲಿ ಇದ್ದರೆ ಬೇಕು.
>
> 3. ನಿಮ್ಮ ತಂದೆಯವರು 1966ರಲ್ಲಿ ತೆಗೆದ ಜೋಡಿ ಫೋಟೋ. ಹಿಂದೆ ಬರೆದಿರುವ ನಂಬರ್ ________. ನೆಗೆಟಿವ್ ಸಿಕ್ಕರೆ ಸ್ಕ್ಯಾನ್ ಮಾಡಿಸಿಕೊಂಡು ಎರಡು ದಿನದಲ್ಲಿ ವಾಪಸ್ ತಂದುಕೊಡುತ್ತೇವೆ.
>
> ತೋರಿಸುವ ಜಾಗ: 14ನೇ ತಾರೀಖು ಸಮುದಾಯ ಭವನದಲ್ಲಿ, ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ, ಮತ್ತು ಯೂಟ್ಯೂಬಿನಲ್ಲಿ ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ. ಕಾಲಮಿತಿ ಇಲ್ಲದೆ, ಯಾವ ದೇಶದಲ್ಲಿದ್ದರೂ ನೋಡುವಂತೆ. ಇದರಿಂದ ನಾವು ಹಣ ಮಾಡುವುದಿಲ್ಲ. ಬೇರೆ ಯಾವುದಕ್ಕೂ ಈ ಫೋಟೋ ಬಳಸುವುದಿಲ್ಲ.
>
> ಫೋಟೋ ಪೂರ್ತಿಯಾಗಿ ಕಾಣಿಸಿ, ನಿಧಾನಕ್ಕೆ ತಾತನ ಮುಖದ ಹತ್ತಿರ ಹೋಗುತ್ತದೆ. ಬಣ್ಣ ಬದಲಾಯಿಸುವುದಿಲ್ಲ. ಫೋಟೋ ಬಂದಾಗಲೇ ಕೆಳಗೆ ನಿಮ್ಮ ಹೆಸರು ಬರುತ್ತದೆ. ಹೇಗೆ ಬರೆಯಬೇಕು ಎಂದು ಕೆಳಗೆ ತಿಳಿಸಿ.
>
> ನಿಮ್ಮ ಶುಲ್ಕ ಇದ್ದರೆ ದಯವಿಟ್ಟು ಹೇಳಿ, ಸಂಕೋಚ ಬೇಡ. ಕೊಡಲು ಇಷ್ಟ ಇಲ್ಲದಿದ್ದರೂ ಹೇಳಿ, ಬೇರೆ ಫೋಟೋ ಹಾಕಿಕೊಳ್ಳುತ್ತೇವೆ. 5ನೇ ತಾರೀಖಿನೊಳಗೆ ತಿಳಿಸಿದರೆ ಅನುಕೂಲ.
>
> ಇಂತಿ,
> ________ (ಫೋನ್ ________)
>
> ............................................
>
> ಫೋಟೋ 1ನ್ನು ಮೇಲೆ ಬರೆದಿರುವಂತೆ ಬಳಸಲು: ಒಪ್ಪಿಗೆ ಇದೆ / ಇಲ್ಲ
> ನನ್ನ ಷರತ್ತು: ________
> ಹೆಸರು ಹೀಗೆ ಬರಲಿ: ________
> ಶುಲ್ಕ: ________
> ಸಹಿ, ದಿನಾಂಕ: ________

ಕೆಳಗಿನ ಆ ತುಂಡೇ ಪತ್ರದ ಜೀವಾಳ. ಅವರು ಉತ್ತರ ಬರೀಬೇಕು ಅಂತ ಕಾಯ್ತಾ ಕೂತ್ರೆ ಬರಲ್ಲ, ಅವರಿಗೆ ಟೈಮಿಲ್ಲ, ಬರೆಯೋಕೆ ಬೇಜಾರು. ಗೀಟು ಎಳೆದು ಸಹಿ ಮಾಡೋದಾದ್ರೆ ಗಲ್ಲಾ ಪೆಟ್ಟಿಗೆ ಮೇಲೇ ಇಟ್ಟು ಮಾಡಿಕೊಡ್ತಾರೆ. "ಇಲ್ಲ" ಅನ್ನೋದನ್ನೂ ಅಲ್ಲಿ ಇಟ್ಟಿರೋದು ಬೇಕಂತಲೇ, ಮುಖ ನೋಡಿ ಇಲ್ಲ ಅನ್ನೋಕೆ ಆಗದೆ ಹೂಂ ಅಂದು ಆಮೇಲೆ ಕೊರಗೋ ಹಾಗೆ ಆಗ್ಬಾರದು. ತೀರ್ಮಾನದ ತಾರೀಖನ್ನ ಕಾರ್ಯದ ದಿನಕ್ಕೆ ಒಂದು ವಾರಕ್ಕಿಂತ ಜಾಸ್ತಿ ಮುಂಚೆ ಇಟ್ಟಿದೀವಿ, ಅವರು ಇಲ್ಲ ಅಂದ್ರೆ ಆ ಜಾಗಕ್ಕೆ ಬೇರೆ ಫೋಟೋ ಹಾಕಿ ಮತ್ತೆ ವಿಡಿಯೋ ರೆಡಿ ಮಾಡೋಕೆ ಅಷ್ಟು ದಿನ ಬೇಕು.

ಆರನೇದು: ಕೊಡೋದು, ಕಾಯೋದು

ಊರಲ್ಲಿದ್ರೆ ಕೈಯಾರೆ ಕೊಡಿ. ಲಗ್ನದ ದಿನಗಳಲ್ಲಿ ಹೋಗ್ಬೇಡಿ, ಅಂಗಡಿ ಹುಡುಗನ ಕೈಗೆ ಕೊಟ್ಟು ಬರ್ತೀರ, ಅದು ಬ್ಯಾಟರಿ ಡಬ್ಬಿ ಕೆಳಗೆ ಸೇರುತ್ತೆ. ಆಷಾಢ ಆದ್ರೆ ಸ್ಟುಡಿಯೋದಲ್ಲಿ ಕೂತು ಮಾತಾಡೋಷ್ಟು ಬಿಡುವಿರುತ್ತೆ. ದೂರದಲ್ಲಿದ್ರೆ ಇದೇ ಪತ್ರನ ಪಿಡಿಎಫ್ ಮಾಡಿ ವಾಟ್ಸಾಪಲ್ಲಿ ಕಳಿಸಿ, ಆದ್ರೆ ಹೆಬ್ಬೆಟ್ಟಿನ ಚಿತ್ರಕ್ಕೆ ತೃಪ್ತಿ ಪಡ್ಬೇಡಿ, "ಫೋಟೋ 1ಕ್ಕೆ ಒಪ್ಪಿಗೆ ಇದೆ, ಹೆಸರು ಹೀಗೆ ಹಾಕಿ" ಅಂತ ಆ ಪತ್ರಕ್ಕೇ ರಿಪ್ಲೈ ಆಗಿ ಟೈಪ್ ಮಾಡೋಕೆ ಹೇಳಿ, ಆಗ ಯಾವುದಕ್ಕೆ ಹೂಂ ಅಂದ್ರು ಅನ್ನೋದು ಅದರಲ್ಲೇ ಇರುತ್ತೆ. ಉತ್ತರನೇ ಬರ್ಲಿಲ್ಲ ಅಂದ್ರೆ ಒಂದ್ಸಲ ಫೋನ್ ಮಾಡಿ, ಒಂದ್ಸಲ ಹೋಗಿ ಬನ್ನಿ. ಆಮೇಲೂ ಇಲ್ಲ ಅಂದ್ರೆ ಆ ಫೋಟೋ ಬಿಟ್ಬಿಡಿ, ಸುಮ್ನಿದ್ದಾರೆ ಅಂದ್ರೆ ಒಪ್ಪಿದ್ದಾರೆ ಅಂತ ಅರ್ಥ ಅಲ್ಲ.

ನಾನು ಹೋದಾಗ ಅಣ್ಣ ಪತ್ರನ ಎರಡು ಸಲ ಓದಿದ್ರು. ಹೋದ ವರ್ಷದ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸ್ಕೊಂಡ್ರು, ಏನೂ ಅನ್ಲಿಲ್ಲ. ಶುಲ್ಕದ ಮುಂದೆ ಗೀಟು ಎಳೆದ್ರು. ಷರತ್ತಿನ ಜಾಗದಲ್ಲಿ "1966ರ ಫೋಟೋಗೆ ನಮ್ಮ ತಂದೆ ಹೆಸರು ಹಾಕುವುದು, ನನ್ನದಲ್ಲ" ಅಂತ ಬರೆದ್ರು. ನೆಗೆಟಿವ್ ಸಿಗಲಿಲ್ಲ, ಆ ಕಾಲದ ಡಬ್ಬಿಗಳನ್ನ ಗೆದ್ದಲು ತಿಂದಿತ್ತಂತೆ. ಆದ್ರೆ ಅವರೇ ಮನೆಗೆ ಬಂದು ಕಟ್ಟಿನ ಗಾಜಿನ ಮೇಲಿಂದಲೇ, ಎರಡು ಕಡೆ ಲೈಟಿಟ್ಟು, ಕಪ್ಪು ಬಟ್ಟೆ ಹಿಡಿದು, ಗಾಜಿನ ಹೊಳಪು ಬೀಳದ ಹಾಗೆ ಕ್ಯಾಮೆರಾದಲ್ಲಿ ತೆಗೆದುಕೊಟ್ರು. ಮಂಡಿ ಫೋಟೋದ ಒರಿಜಿನಲ್ ಬಂದಾಗ ಗೊತ್ತಾಯ್ತು, ಫೇಸ್‌ಬುಕ್ಕಲ್ಲಿ ಇದ್ದಿದ್ದು ಅರ್ಧ ಫ್ರೇಮು, ಬಲಗಡೆ ಇನ್ನೊಬ್ಬರಿದ್ರು, ತಾತ ನಗ್ತಿದ್ದಿದ್ದು ಅವರಿಗೆ. ಅವರು ತಾತನ ಜೊತೆ ಮಂಡೀಲಿ ಹಮಾಲಿ ಮಾಡ್ತಿದ್ದೋರು, ಇನ್ನೂ ಇದ್ದಾರೆ. ಅವರ ಮನೆಗೂ ಹೋಗಿ "ನಿಮ್ಮ ಮುಖನೂ ಬರುತ್ತೆ, ಪರವಾಗಿಲ್ವಾ" ಅಂತ ಬಾಯಲ್ಲೇ ಕೇಳ್ಕೊಂಡು ಬಂದ್ವಿ.

ಸಹಿ ಆದ ಹಾಳೆಯ ಫೋಟೋ ತೆಗೆದು ವಿಡಿಯೋ ಫೈಲ್ ಇರೋ ಫೋಲ್ಡರಲ್ಲೇ ಇಟ್ಟಿದೀನಿ, ಇನ್ನೊಂದು ಪ್ರತಿ ಅಣ್ಣನ ಹತ್ರ ಇದೆ. ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿ ಆ ಮಂಡಿ ಫೋಟೋನ ಹೊಸ ವರ್ಷದ ಕ್ಯಾಲೆಂಡರಿಗೆ ಹಾಕ್ಸಿ ನೆಂಟರಿಗೆಲ್ಲಾ ಹಂಚೋಣ ಅಂದ್ರು. ಹಾಳೆ ತೆಗೆದು ನೋಡ್ದೆ, "ಬೇರೆ ಯಾವುದಕ್ಕೂ ಈ ಫೋಟೋ ಬಳಸುವುದಿಲ್ಲ" ಅಂತ ನಾನೇ ಬರೆದಿದೀನಿ. ಅಣ್ಣಂಗೆ ಫೋನ್ ಮಾಡ್ದೆ. "ಆಯ್ತು, ಅದನ್ನೂ ಒಂದು ಹಾಳೇಲಿ ಬರ್ಕೊಂಡ್ ಬಾ" ಅಂದ್ರು.